ಐವತ್ತಕ್ಕೆ ಐವತ್ತು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ಅವಳು ಪ್ಲೇಟಕ್ಕ. ನಾನು ಅಲ್ಲಿ ಮಾದರಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರುತ್ತಿದ್ದೆ. ಮುಚ್ಚಳ ಸರಿಯಾಗಿ ಹಾಕದ ಮೂತ್ರದ ಡಬ್ಬಿ ತಂದವರು ನನ್ನಿಂದ ಬೈಸಿಕೊಳ್ಳದೆ ವಾಪಸು ಹೋಗುತ್ತಿರಲಿಲ್ಲ. ನನ್ನ ಕುರ್ಚಿಯ ಬೆನ್ನಿಗೆ ಗಾಜಿನ ಗೋಡೆ, ಗೋಡೆಯಾಚೆ ಅವಳ ಮೇಜು. ಮುಂದೆ ಹೇಳುವುದರಲ್ಲಿ ಅರ್ಧ ನಾನು ಆ ಗಾಜಿನಲ್ಲಿ ಕಂಡದ್ದು, ಉಳಿದದ್ದು ಅವಳೇ ಆಮೇಲೆ ಹೇಳಿದ್ದು.

ಪ್ಲೇಟಕ್ಕನ ಕೆಲಸ ಏನೆಂದು ಹೇಳಿಬಿಡುತ್ತೇನೆ. ರೋಗಿಯ ರಕ್ತದಲ್ಲೋ ಮೂತ್ರದಲ್ಲೋ ಒಂದು ರೋಗಾಣು ಸಿಕ್ಕಿದೆ ಎನ್ನಿ. ಇಂಥ ಔಷಧಕ್ಕೆ ಅದು ಸಾಯುತ್ತದೋ ಇಲ್ಲವೋ, ಎಷ್ಟು ಗಟ್ಟಿ ಔಷಧ ಬೇಕು ಎಂದು ನೋಡಬೇಕು. ಅದಕ್ಕೊಂದು ಪ್ಲಾಸ್ಟಿಕ್ ಪ್ಲೇಟು. ಅಂಗೈಗಿಂತ ತುಸು ದೊಡ್ಡದು, ಗಾಜಿನಂತೆ ಪಾರದರ್ಶಕ, ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಪುಟ್ಟ ಗುಳಿ. ಒಂದೊಂದು ಸಾಲು ಒಬ್ಬೊಬ್ಬ ರೋಗಿಯ ರೋಗಾಣುವಿಗೆ. ಮೊದಲ ಗುಳಿಯಲ್ಲಿ ಔಷಧ ಅತಿ ಗಟ್ಟಿ, ಮಿಲಿಲೀಟರಿಗೆ ಮೂವತ್ತೆರಡು ಮೈಕ್ರೋಗ್ರಾಂ. ಎರಡನೆಯದರಲ್ಲಿ ಅದರರ್ಧ, ಮೂರನೆಯದರಲ್ಲಿ ಮತ್ತೂ ಅರ್ಧ, ಹೀಗೆ ಹತ್ತನೆಯ ಗುಳಿಯವರೆಗೆ ತೆಳುವಾಗುತ್ತಾ ಹೋಗುತ್ತದೆ. ಹನ್ನೊಂದರಲ್ಲಿ ಔಷಧವೇ ಇಲ್ಲ, ರೋಗಾಣು ಬೆಳೆಯಲೇಬೇಕು. ಹನ್ನೆರಡರಲ್ಲಿ ರೋಗಾಣುವೇ ಇಲ್ಲ, ಏನೂ ಬೆಳೆಯಬಾರದು. ರೋಗಾಣು ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮರುದಿನ ಬೆಳಿಗ್ಗೆ ನೋಡಿದರೆ, ಔಷಧ ಸಾಲದ ಗುಳಿಗಳು ಮಬ್ಬಾಗಿರುತ್ತವೆ, ಸಾಕಾದ ಗುಳಿಗಳು ತಿಳಿಯಾಗಿರುತ್ತವೆ. ತೆಳು ಔಷಧದ ಕಡೆಯಿಂದ ನೋಡುತ್ತಾ ಬಂದರೆ ಯಾವ ಗುಳಿ ಮೊದಲು ತಿಳಿಯಾಗಿದೆಯೋ ಅದರಲ್ಲಿ ಔಷಧ ಎಷ್ಟು ಮೈಕ್ರೋಗ್ರಾಂ ಗಟ್ಟಿಯೋ ಅದೇ ಉತ್ತರ. ನಾನು ಹೇಳುವ ಔಷಧಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೊಡಬಹುದು. ನಾಲ್ಕು ಬಂದರೆ ನೆಚ್ಚುವಂತಿಲ್ಲ, ಅದರ ಮೇಲೆ ಬಂದರೆ ಕೇಳುವುದೇ ಬೇಡ. ಆಮೇಲೆ ಕೊಡಲು ಉಳಿಯುವುದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಒಂದು ಹಳೆಯ ಮದ್ದು.

ಯಾವ ಗುಳಿಗೆ ಮೂಲ ದ್ರಾವಣ ಎಷ್ಟು, ತೆಳು ಮಾಡುವ ಸಾರು ಎಷ್ಟು ಎಂದು ಲೆಕ್ಕ ಹಾಕುವುದಕ್ಕೆ ಪ್ಲೇಟಕ್ಕ ಕಂಪ್ಯೂಟರಿನಲ್ಲಿ ಒಂದು ಪ್ಲ್ಯಾನರ್ ಮಾಡಿಕೊಂಡಿದ್ದಳು. ಪರದೆಯ ಮೇಲೆ ಪ್ಲೇಟಿನದೇ ಚಿತ್ರ. ಮೂಲ ದ್ರಾವಣ ಎಷ್ಟು ಗಟ್ಟಿ, ಮೊದಲ ಗುಳಿಯಲ್ಲಿ ಎಷ್ಟು ಬೇಕು, ಗುಳಿಯಲ್ಲಿ ಎಷ್ಟು ದ್ರವ ಉಳಿಯಬೇಕು ಎಂದು ತುಂಬಿದರೆ ಸಾಕು, ಪ್ರತಿ ಗುಳಿಯ ಮೇಲೂ ಅದರದರ ಪಾಲು ಮೂಡುತ್ತಿತ್ತು. ಮೊದಲನೆಯದಕ್ಕೆ ಮೂಲ ಇಪ್ಪತ್ತು ಮೈಕ್ರೋಲೀಟರ್, ಸಾರು ನೂರಾ ಎಂಬತ್ತು. ಉಳಿದವಕ್ಕೆ ಸಾರು ನೂರು. ಮೊದಲನೆಯದರಿಂದ ನೂರು ತೆಗೆದು ಎರಡನೆಯದಕ್ಕೆ, ಕಲಸಿ, ಅಲ್ಲಿಂದ ನೂರು ಮೂರನೆಯದಕ್ಕೆ. ಹತ್ತನೆಯದರಿಂದ ತೆಗೆದ ನೂರು ಕಸಕ್ಕೆ. ಹೊಸದಾಗಿ ಸೇರಿದವರು ಕೂಡ ಪರದೆ ನೋಡಿಕೊಂಡು ಪ್ಲೇಟು ತುಂಬಬಹುದಿತ್ತು. ಮೈಕ್ರೋಲೀಟರ್ ಎಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು, ಕಣ್ಣಿಗೆ ಕಾಣುವುದೇ ಕಷ್ಟ. ಕೊನೆಗೆ ಆ ಗುಳಿಗಳಿಗೆ ರೋಗಾಣುವಿನ ನೀರು ಹಾಕುತ್ತಿದ್ದುದು ಬರೀ ಐದು ಮೈಕ್ರೋಲೀಟರ್. ನೂರಕ್ಕೆ ಐದು ಸೇರಿದರೆ ಔಷಧ ಅಂಥಾ ತೆಳುವಾಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ಪ್ಲ್ಯಾನರಿನಲ್ಲಿ ಅದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಅವಳು ಮಾಡಿದ್ದು ಸರಿಯೇ ಇತ್ತು, ಆ ಹೊತ್ತಿಗೆ.

ಅವಳ ಗಂಡ ಲಿಫ್ಟು ರಿಪೇರಿ ಮಾಡುವವನು. ನಗಿಸುವ ಮನುಷ್ಯ. ನಮ್ಮ ಆಸ್ಪತ್ರೆಯ ಲಿಫ್ಟು ಕೆಟ್ಟಾಗ ಬಂದು, ಸರಿಮಾಡಿ, ಅವಳ ಮೇಜಿನ ಹತ್ತಿರ ನಿಂತು "ಮೇಲೆ ಹೋಗೋರನ್ನ ನಾನು ಕಳಿಸ್ತೀನಿ, ಹೋಗದ ಹಾಗೆ ನೀನು ನೋಡ್ಕೋ" ಎಂದು ಕಿಚಾಯಿಸಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಕುಸಿದವನು ಏಳಲಿಲ್ಲ. ಹೃದಯ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು, ಅವಳು ಮತ್ತು ಅವಳ ಅತ್ತೆ.

ಸಾವಿಗೆ ಹೋದಾಗ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳು ಅಳಲಿಲ್ಲ. ಬಂದವರಿಗೆ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತರಿಸಿದಳು. ಅಷ್ಟೆಲ್ಲ ಮಾಡುವವಳ ಮುಖದಲ್ಲಿ ಮಾತ್ರ ಯಾರೂ ಇರಲಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಬಂದ ಮೇಲೂ ಹಾಗೇ. ಊಟಕ್ಕೆ ಕರೆದರೆ ಹೂಂ. ಮಳೆ ಬರುವ ಹಾಗಿದೆ ಎಂದರೆ ಹೂಂ. ನಾನೊಮ್ಮೆ ಪರೀಕ್ಷೆ ಮಾಡೋಣ ಎಂದು "ನಿನ್ನ ತಲೆ ಮೇಲೆ ಹಲ್ಲಿ ಕೂತಿದೆ ಕಣೇ" ಎಂದೆ. ಅದಕ್ಕೂ ಹೂಂ. ನಗು ಬಂತು, ಆಮೇಲೆ ಅವಳ ಮುಖ ನೋಡಿ ನಿಂತಿತು.

ಅವಳು ಅದನ್ನು ನನಗೆ ಹೀಗೆ ಹೇಳಿದಳು. "ಹಲ್ಲು ಕೀಳೋಕೆ ಮುಂಚೆ ಸೂಜಿ ಕೊಡ್ತಾರಲ್ಲ, ಆಮೇಲೆ ತುಟಿ ಇದೆ ಅಂತ ಗೊತ್ತಿರುತ್ತೆ, ಕಚ್ಚಿದ್ರೂ ನೋವಿರಲ್ಲ. ಹಂಗಿತ್ತು, ಮೈಯೆಲ್ಲ."

ಅವಳ ರಜೆಯಲ್ಲೇ ಲ್ಯಾಬಿಗೆ ಹೊಸ ಡಿಸ್ಪೆನ್ಸರ್ ಬಂದಿತ್ತು. ಪ್ಲೇಟು ಒಳಗಿಟ್ಟು ಬಾಗಿಲು ಮುಚ್ಚಿದರೆ ಅದೇ ಎಲ್ಲ ಗುಳಿಗಳನ್ನೂ ತುಂಬುವ ಯಂತ್ರ. ಆದರೆ ಅದಕ್ಕೆ ಐದು ಮೈಕ್ರೋಲೀಟರ್ ಹಾಕುವಷ್ಟು ಸೂಕ್ಷ್ಮ ಕೈ ಇಲ್ಲ. ಒಮ್ಮೆ ನಾಲ್ಕು, ಒಮ್ಮೆ ಏಳು ಬೀಳುತ್ತಿತ್ತು. ಆಗ ಅವಳ ಜೊತೆಯ ಟೆಕ್ನಿಷಿಯನ್ ಒಂದು ದಾರಿ ಹುಡುಕಿದ. ಬಾಯಲ್ಲಿ ಸದಾ ಮಗ್ಗಿ ಇರುತ್ತಿದ್ದುದರಿಂದ ಅವನನ್ನು ನಾವು ಗುಣಾಕಾರ ಎನ್ನುತ್ತಿದ್ದೆವು. ಔಷಧದ ದ್ರವ ಐವತ್ತು, ಅದರ ಮೇಲೆ ರೋಗಾಣುವಿನ ನೀರು ಐವತ್ತು. ಇದೂ ಎಲ್ಲ ಕಡೆ ಮಾಡುವ ಕ್ರಮವೇ. ಸಮಸಮ ಸೇರಿದರೆ ರೋಗಾಣುವಿನ ಸಂಖ್ಯೆ ಅರ್ಧವಾಗುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ಮೊದಲೇ ಎರಡರಷ್ಟು ಗಟ್ಟಿ ಮಾಡಿಟ್ಟುಕೊಂಡ. ಔಷಧದ ಪಾಲನ್ನು ಪ್ಲ್ಯಾನರ್ ನೋಡಿಕೊಳ್ಳುತ್ತದೆ ಎಂದುಕೊಂಡ. ಅದರಲ್ಲಿ ನೂರು ಇದ್ದ ಕಡೆ ಐವತ್ತು ಎಂದು ತುಂಬಿದ. ಮೊದಲ ಗುಳಿಗೆ ಮೂಲ ಹತ್ತು, ಸಾರು ತೊಂಬತ್ತು ಎಂದು ಅದು ತೋರಿಸಿತು. ಇಪ್ಪತ್ತು ಇದ್ದದ್ದು ಹತ್ತು, ನೂರು ಇದ್ದದ್ದು ಐವತ್ತು. ಎಲ್ಲ ಅರ್ಧರ್ಧ, ನೋಡಲಿಕ್ಕೆ ಚೊಕ್ಕವಾಗಿತ್ತು.

ಪ್ಲೇಟಕ್ಕ ಕೆಲಸಕ್ಕೆ ಬಂದ ವಾರವೇ ಅವನು ಅವಳ ಮೇಜಿನ ಹತ್ತಿರ ಬಂದು ಇದನ್ನೆಲ್ಲ ಹೇಳಿದ್ದ. ನಾನು ಗಾಜಿನಿಂದ ನೋಡಿದ್ದೆ. ಅವನು ಕೈ ಆಡಿಸಿ ಆಡಿಸಿ ವಿವರಿಸುತ್ತಿದ್ದ. "ಇನ್ಮೇಲೆ ಐವತ್ತಕ್ಕೆ ಐವತ್ತು. ನಿನ್ನ ಪ್ಲ್ಯಾನರಲ್ಲಿ ಬದಲಾಯಿಸಿದೀನಿ, ಸರಿಯಾಗಿದೆಯಾ ಒಂದ್ಸಲ ನೋಡಿಬಿಡು" ಎಂದನಂತೆ. ಅವಳು ಪರದೆಯನ್ನು ನೋಡಿದಳು. ಹೂಂ ಎಂದಳು. ಪರಿಶೀಲಿಸಿದವರ ಜಾಗದಲ್ಲಿ ಸಹಿ ಹಾಕಿದಳು.

ಪ್ರತಿ ಪ್ಲೇಟಿನ ಕೊನೆಯ ಸಾಲಿನಲ್ಲಿ ಒಂದು ಸಾಕಿದ ರೋಗಾಣು ಇರುತ್ತದೆ. ಅದರ ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತು. ಅದು ತಪ್ಪಿದರೆ ಇಡೀ ಪ್ಲೇಟನ್ನು ಎಸೆಯಬೇಕು. ನಮ್ಮಲ್ಲಿ ಅದು ಯಾವಾಗಲೂ ಕಾಲು ಮೈಕ್ರೋಗ್ರಾಂ ಎಂದೇ ಬರುತ್ತಿತ್ತು. ಯಂತ್ರ ಬಂದ ಮೇಲೆ ಅರ್ಧ ಬರತೊಡಗಿತು. ಅರ್ಧದವರೆಗೆ ಬಂದರೂ ನಡೆಯುತ್ತದೆ ಎಂದು ನಿಯಮ. ಒಂದೆರಡು ಸಲ ಒಂದೂ ಬಂತು. ಆಗ ಪ್ಲೇಟು ಎಸೆದು ಮತ್ತೆ ಮಾಡಿದರು, ಅರ್ಧಕ್ಕೆ ಇಳಿಯಿತು. ಹೊಸ ಯಂತ್ರ, ಸ್ವಲ್ಪ ಹಠ ಮಾಡುತ್ತದೆ ಎಂದುಕೊಂಡರು. ಪ್ಲೇಟಕ್ಕ ಅದನ್ನೆಲ್ಲ ದಿನವೂ ಬರೆಯುತ್ತಿದ್ದಳು. ಮೊದಲಿನ ಪ್ಲೇಟಕ್ಕನಾಗಿದ್ದರೆ ಮೂರನೆಯ ಬಾರಿಗೇ ಎದ್ದು ನಿಂತು ಜಗಳ ಕಾಯುತ್ತಿದ್ದಳು.

ಮನೆಯಲ್ಲಿ ಅತ್ತೆ ಎಲ್ಲದಕ್ಕೂ ಅಳುತ್ತಿದ್ದರು. ಸ್ನಾನದ ಮನೆಯ ಬಾಗಿಲು ಕಂಡರೆ ಅಳು, ಲಿಫ್ಟಿನ ಸದ್ದು ಕೇಳಿದರೆ ಅಳು. ಒಂದು ಕಾಲಕ್ಕೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದುಕೊಟ್ಟು ಮಗನನ್ನು ಓದಿಸಿದವರು, ಬಾಯಿ ಕತ್ತರಿಯಷ್ಟೇ ಹರಿತ. ಸೊಸೆಯ ಒಣ ಕಣ್ಣು ಅವರಿಗೆ ಸಹಿಸಲಾಗುತ್ತಿರಲಿಲ್ಲ.

"ಮನೆಗೆ ಬಾಡಿಗೆಗೆ ಬಂದಿದ್ದವನು ಖಾಲಿ ಮಾಡ್ಕೊಂಡು ಹೋದ ಅನ್ನೋ ಹಂಗೆ ಇದೀಯಲ್ಲೇ" ಎಂದರಂತೆ ಒಂದು ದಿನ.

ಅವಳು ಅನ್ನ ಬಡಿಸಿದಳು.

"ನಿಂಗೆ ಹೇಳ್ತಿರೋದು."

"ಕೇಳಿಸ್ತು ಅತ್ತೆ."

"ಕೇಳಿಸಿದ್ರೆ ಏನಾದ್ರೂ ಅನ್ನು. ಬೈಯಾದ್ರೂ ಬೈ. ಗೋಡೆ ಜೊತೆ ಎಷ್ಟು ದಿನ ಅಂತ ಮಾತಾಡ್ಲಿ?"

ಬೈಯಲು ಅವಳಿಗೆ ಏನೂ ಸಿಗಲಿಲ್ಲ. ಅತ್ತೆಯ ಮೇಲೆ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಅನ್ನ ಆರುತ್ತದೆ, ಅವರು ತಿನ್ನಬೇಕು ಎಂಬುದೊಂದು ತಲೆಯಲ್ಲಿತ್ತು, ಅಷ್ಟೇ.

ಅತ್ತೆಗೆ ಜ್ವರ ಬಂದದ್ದು ಚಳಿಗಾಲದ ಕೊನೆಗೆ. ಸೊಂಟದ ಹತ್ತಿರ ನೋವು, ಗಡಗಡ ನಡುಕ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಮೊದಲೇ ಸೋತಿತ್ತು. ನಮ್ಮ ಆಸ್ಪತ್ರೆಯ ಮೇಲಿನ ಮಹಡಿಗೇ ಸೇರಿಸಿದಳು. ರಕ್ತದ ಬಾಟಲಿಯನ್ನು ವಾರ್ಡಿನ ಆಯಾ ತಂದು ನನ್ನ ಕಿಟಕಿಯಲ್ಲಿ ಇಟ್ಟಾಗ ಹೆಸರು ನೋಡಿ ನಾನು ಒಳಗೆ ಕೂಗಿ ಹೇಳಿದೆ. ಪ್ಲೇಟಕ್ಕ ಬಂದು ತೆಗೆದುಕೊಂಡು ಹೋದಳು. ಅದರಲ್ಲಿ ರೋಗಾಣು ಬೆಳೆಯಿತು. ಪ್ಲೇಟಿನ ಮೂರನೆಯ ಸಾಲು ಅವಳ ಅತ್ತೆಗೆ ಬಂತು.

ಮರುದಿನ ಬೆಳಿಗ್ಗೆ ಪ್ಲೇಟನ್ನು ಬೆಳಕಿಗೆ ಹಿಡಿದು ಓದಿದಳು. ಹನ್ನೊಂದನೆಯ ಗುಳಿ ಮಬ್ಬು, ಹನ್ನೆರಡನೆಯದು ತಿಳಿ, ಸರಿಯಾಗಿದೆ. ಮೂರನೆಯ ಸಾಲು ಎರಡು ಮೈಕ್ರೋಗ್ರಾಂವರೆಗೂ ಮಬ್ಬು, ನಾಲ್ಕಕ್ಕೆ ತಿಳಿ. ನಾಲ್ಕು ಎಂದು ಬರೆದಳು. ನಮ್ಮ ಲ್ಯಾಬಿನ ಮುಖ್ಯಸ್ಥೆ ಡಾಕ್ಟರಮ್ಮ ನೋಡಿ ಸಹಿ ಹಾಕಿ, ಅವಳ ಮುಖ ನೋಡಿದರು.

"ನಿಮ್ಮತ್ತೆಯವರದಲ್ವೇನಮ್ಮ?"

"ಹೂಂ ಮೇಡಂ."

"ನಾಲ್ಕು ಬಂದಿದೆಯಲ್ಲ. ಹಳೇ ಮದ್ದಿಗೆ ಹೋಗ್ತಾರೆ. ಕಿಡ್ನಿ ಬಗ್ಗೆ ವಾರ್ಡಿನ ಡಾಕ್ಟರ ಹತ್ರ ಮಾತಾಡಿ ಒಂದ್ಸಲ."

ಅವಳು ಮೇಲೆ ಹೋದಳು. ವಾರ್ಡಿನ ಡಾಕ್ಟರು ತಾಳ್ಮೆಯ ಮನುಷ್ಯ, ಕೂರಿಸಿ ಹೇಳಿದರು. "ನಾಲ್ಕಕ್ಕೆ ಈ ಔಷಧ ನಂಬ್ಕೊಂಡು ಕೂರೋಕಾಗಲ್ಲ. ಇನ್ನೊಂದು ಶುರು ಮಾಡ್ತೀನಿ. ಡಯಾಲಿಸಿಸ್ ಬೇಕಾಗಬಹುದು, ಮನಸ್ಸಲ್ಲಿ ಇಟ್ಕೊಂಡಿರಿ." ಅವಳು ಒಪ್ಪಿಗೆಗೆ ಸಹಿ ಹಾಕಿದಳು. ಅತ್ತೆ ಕಣ್ಣು ತೆರೆದು "ಏನಂತೆ?" ಎಂದು ಕೇಳಿದರು. "ಮದ್ದು ಬದಲಾಯಿಸ್ತಾರಂತೆ" ಎಂದಳು. ಕೆಳಗೆ ಬಂದು ಮಧ್ಯಾಹ್ನದ ಪ್ಲೇಟಿಗೆ ಕೈ ಹಾಕಿದಳು.

ಅವತ್ತು ಡಿಸ್ಪೆನ್ಸರ್ ಇರಲಿಲ್ಲ. ಅದರ ಒಂದು ಕೊಳವೆ ಸೋರುತ್ತಿದೆ ಎಂದು ಕಂಪನಿಯವನು ಬಂದು ತಲೆ ಬಿಚ್ಚಿ ಒಯ್ದಿದ್ದ. ಹಾಗಾಗಿ ಪ್ಲೇಟನ್ನು ಮೊದಲಿನಂತೆ ಕೈಯಲ್ಲೇ ತುಂಬಬೇಕು. ಪ್ಲ್ಯಾನರ್ ತೆರೆದಿಟ್ಟುಕೊಂಡು, ದ್ರವ ಹೀರಿ ಹಾಕುವ ಎಂಟು ಮೂತಿಯ ಪಿಪೆಟ್ ಹಿಡಿದು ಅವಳು ಶುರು ಮಾಡಿದಳು. ಮೊದಲ ಕಂಬಕ್ಕೆ, ಅಂದರೆ ಎಂಟೂ ಸಾಲಿನ ಮೊದಲ ಗುಳಿಗೆ, ಮೂಲ ಹತ್ತು, ಸಾರು ತೊಂಬತ್ತು. ಉಳಿದವಕ್ಕೆ ಐವತ್ತು. ಐವತ್ತು ತೆಗೆ, ಮುಂದಿನದಕ್ಕೆ ಹಾಕು, ಕಲಸು. ಕೈಗೆ ಅಭ್ಯಾಸವಿದ್ದ ಕೆಲಸ. ಮನಸ್ಸು ಎಲ್ಲೂ ಇರಲಿಲ್ಲ. ಹತ್ತನೆಯದರಿಂದ ತೆಗೆದದ್ದನ್ನು ಚೆಲ್ಲಿದಳು. ಆಮೇಲೆ ರೋಗಾಣುವಿನ ನೀರು, ಐವತ್ತು.

ಮೊದಲ ಕಂಬಕ್ಕೆ ಹಾಕಿದಳು. ಗುಳಿಗಳಲ್ಲಿ ನೀರು ಏರಿತು.

ಅವಳ ಕೈ ನಿಂತಿತು. ಗಾಜಿನಾಚೆ ನಾನು ಅದನ್ನು ಕಂಡೆ. ಪಿಪೆಟ್ ಗಾಳಿಯಲ್ಲಿ, ಬಗ್ಗಿದ ತಲೆ ಪ್ಲೇಟಿನ ಮಟ್ಟಕ್ಕೆ. ವರ್ಷಗಟ್ಟಲೆ ಕೈಯಿಂದ ತುಂಬಿದವಳು ಅವಳು. ರೋಗಾಣು ಹಾಕಿದಾಗ ಗುಳಿಯ ನೀರು ಅಲುಗಿದಂತೆ ಕಾಣುತ್ತಿತ್ತೇ ಹೊರತು ಏರುತ್ತಿರಲಿಲ್ಲ. ಈಗ ಅರ್ಧಕ್ಕಿದ್ದದ್ದು ಕಣ್ಣೆದುರೇ ಇಮ್ಮಡಿಯಾಗಿತ್ತು. ಯಂತ್ರದ ಬಾಗಿಲು ಮುಚ್ಚಿರುತ್ತಿದ್ದುದರಿಂದ ಇದನ್ನು ಯಾರೂ ನೋಡಿರಲೇ ಇಲ್ಲ.

ಎರಡನೆಯ ಕಂಬಕ್ಕೂ ಹಾಕಿ ನೋಡಿದಳು. ಅದೂ ಏರಿತು. ಐವತ್ತರಲ್ಲಿ ಮೂವತ್ತೆರಡರ ಗಟ್ಟಿ ಇದ್ದ ಔಷಧ ನೂರರಲ್ಲಿ ಹದಿನಾರು. ಹದಿನಾರೆಂದು ಬರೆದುಕೊಂಡದ್ದು ಎಂಟು. ನಾಲ್ಕು ಎಂದು ಓದಿದ್ದು ಎರಡು.

ಎರಡು ಬಂದರೆ ಆ ಔಷಧ ಕೊಡಬಹುದು.

"ಆಗ ಏನನ್ನಿಸ್ತು?" ಎಂದು ನಾನು ಆಮೇಲೆ ಕೇಳಿದ್ದೆ. "ಏನೂ ಅನ್ನಿಸ್ಲಿಲ್ಲ" ಎಂದಳು. "ಏನೂ ಅನ್ನಿಸ್ತಿಲ್ಲವಲ್ಲ ಅಂತ ಹೆದರಿಕೆ ಆಯ್ತು. ಅತ್ತೆ ಮೇಲಿದಾರೆ, ತಪ್ಪು ಮದ್ದು ಹೋಗ್ತಿದೆ, ಓಡಬೇಕು ಅಂತ ಗೊತ್ತು. ಕಾಲು ಏಳಲಿಲ್ಲ. ಮೊದಲು ಪಿಪೆಟ್ ಸ್ಟ್ಯಾಂಡಿಗೆ ನೇತುಹಾಕಿದೆ. ಪ್ಲೇಟಿಗೆ ಮುಚ್ಚಳ ಹಾಕಿದೆ."

ಗುಣಾಕಾರ ಪಕ್ಕದ ಮೇಜಿನಲ್ಲಿದ್ದ. ಅವನನ್ನು ಕರೆದಳು.

"ಇದರಲ್ಲಿ ಔಷಧ ಎರಡರಷ್ಟು ಇರಬೇಕಿತ್ತು."

"ಯಾವುದರಲ್ಲಿ?"

"ಎಲ್ಲದರಲ್ಲೂ. ಐವತ್ತಕ್ಕೆ ಐವತ್ತು ಹಾಕಿದ್ಮೇಲೆ ಅರ್ಧ ಆಗುತ್ತಲ್ಲ. ಪ್ಲ್ಯಾನರಿಗೆ ಅದು ಗೊತ್ತಿಲ್ಲ. ನಾನು ಅದಕ್ಕೆ ಹೇಳಿಕೊಟ್ಟಿಲ್ಲ."

ಅವನು ಪರದೆ ನೋಡಿದ, ಪ್ಲೇಟು ನೋಡಿದ. ಮಗ್ಗಿಯ ಬಾಯಿ ಒಣಗಿತು. "ಅದು ನೋಡ್ಕೊಳ್ಳುತ್ತೆ ಅಂದ್ಕೊಂಡೆ... ನಿಂಗೆ ಹೇಳಿದ್ನಲ್ಲ? ನೋಡು ಅಂದಿದ್ನಲ್ಲ? ನೀನು ಹೂಂ ಅಂದೆ."

"ಅಂದೆ."

"ಮತ್ತೆ?"

"ನೋಡ್ಲಿಲ್ಲ."

ಅವನು ಮತ್ತೆ ಪರದೆಯ ಕಡೆ ತಿರುಗಿದ. ಅವಳು ಅಷ್ಟು ಹೊತ್ತಿಗೆ ಡಾಕ್ಟರಮ್ಮನ ಕೋಣೆಯ ಬಾಗಿಲು ತಟ್ಟುತ್ತಿದ್ದಳು.

ಡಾಕ್ಟರಮ್ಮ ಕೂಗಾಡುವವರಲ್ಲ. ಎದ್ದು ಬಂದು ಪ್ಲೇಟು ನೋಡಿದರು, ಒಂದು ಹಾಳೆಯ ಹಿಂದೆ ತಾವೇ ಗುಣಿಸಿ ಭಾಗಿಸಿದರು. ಕನ್ನಡಕ ತೆಗೆದರು.

"ಯಂತ್ರ ಬಂದಾಗಿಂದ?"

"ಹೌದು ಮೇಡಂ."

"ಎಲ್ಲಾ ರಿಪೋರ್ಟೂ?"

"ಈ ಔಷಧದ್ದು ಎಲ್ಲಾನೂ."

ಆಮೇಲೆ ಡಾಕ್ಟರಮ್ಮ ಒಂದೊಂದಾಗಿ ಹೇಳುತ್ತಾ ಹೋದರು. ಮೇಲಿನ ವಾರ್ಡಿಗೆ ಮೊದಲು ಫೋನು. ಇವತ್ತಿಂದ ಈ ಔಷಧದ ಒಂದು ರಿಪೋರ್ಟೂ ಹೊರಗೆ ಹೋಗಬಾರದು. ಶೀತಲ ಪೆಟ್ಟಿಗೆಯಲ್ಲಿಟ್ಟ ರೋಗಾಣುಗಳನ್ನೆಲ್ಲ ತೆಗೆದು ಮತ್ತೆ ನೋಡಬೇಕು. ನಾಲ್ಕು ಬಂದವರ ಪಟ್ಟಿ ಮೊದಲು, ಯಾಕೆಂದರೆ ಅವರೇ ಗೆರೆಯ ಮೇಲೆ ನಿಂತವರು. ಕಾಲು, ಅರ್ಧ ಬಂದವರಿಗೂ ಹದಿನಾರು, ಮೂವತ್ತೆರಡು ಬಂದವರಿಗೂ ಉತ್ತರ ಅರ್ಧವಾದರೂ ಅರ್ಥ ಬದಲಾಗುವುದಿಲ್ಲ. ಫೋನು ಮಾಡುವ ಕೆಲಸ ನನಗೆ ಬಂತು. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ಏನು ಹೇಳಬೇಕೆಂದು ಹೇಳಿದರು. "ಲ್ಯಾಬಿಂದ ತಪ್ಪಾಗಿದೆ ಅಂತಲೇ ಹೇಳಿ. ತಾಂತ್ರಿಕ ಕಾರಣ ಗೀರಣ ಬೇಡ."

ಮೇಲಿನ ವಾರ್ಡಿನಲ್ಲಿ ಹಳೇ ಮದ್ದಿನ ಮೊದಲ ಬಾಟಲಿ ಆಗಲೇ ಮುಗಿದಿತ್ತು. ವಾರ್ಡಿನ ಡಾಕ್ಟರು ಎರಡನೆಯದನ್ನು ತಡೆದು ಮೊದಲಿನ ಔಷಧಕ್ಕೆ ಹಿಂದಿರುಗಿದರು. "ನಾಳೆ ಬೆಳಿಗ್ಗೆ ನಂಗೆ ಖಚಿತ ಉತ್ತರ ಬೇಕು" ಎಂದರು. ದನಿ ಮೊದಲಿನಷ್ಟು ಮೆದುವಾಗಿರಲಿಲ್ಲ.

ಪ್ಲೇಟಕ್ಕ ಕೂತು ಪ್ಲ್ಯಾನರನ್ನು ತಿದ್ದಿದಳು. ರೋಗಾಣುವಿನ ನೀರು ಎಷ್ಟು ಎಂದು ಕೇಳುವ ಒಂದು ಜಾಗ ಮಾಡಿದಳು. ಅದನ್ನು ಖಾಲಿ ಬಿಟ್ಟರೆ ಒಂದು ಅಂಕಿಯೂ ಮೂಡದ ಹಾಗೆ ಕಟ್ಟಿದಳು. ಐವತ್ತು ತುಂಬಿದಾಗ ಮೊದಲ ಗುಳಿ ಬದಲಾಯಿತು. ಮೂಲ ಇಪ್ಪತ್ತು, ಸಾರು ಎಂಬತ್ತು. ಅಂದರೆ ಅರವತ್ತನಾಲ್ಕರ ಗಟ್ಟಿ, ರೋಗಾಣು ಸೇರಿದ ಮೇಲೆ ಮೂವತ್ತೆರಡು. ಅದನ್ನೇ ಕೈಯಲ್ಲಿ ಲೆಕ್ಕ ಹಾಕಿದಳು, ಗುಣಾಕಾರನಿಂದಲೂ ಹಾಕಿಸಿದಳು. ಆಮೇಲೆ ಎರಡು ಪ್ಲೇಟು ತುಂಬಿದಳು. ಒಂದು ಹೊಸ ಲೆಕ್ಕದ್ದು, ಇನ್ನೊಂದು ಹಳೆಯ ಕ್ರಮದಲ್ಲಿ ನೂರಕ್ಕೆ ಐದು ಹಾಕಿದ್ದು. ಎರಡರಲ್ಲೂ ಅತ್ತೆಯ ರೋಗಾಣು.

ಮರುದಿನ ಬೆಳಿಗ್ಗೆ ಎಲ್ಲರೂ ಬೇಗ ಬಂದಿದ್ದೆವು. ಸಾಕಿದ ರೋಗಾಣು ಎರಡು ಪ್ಲೇಟಿನಲ್ಲೂ ಕಾಲು. ಅತ್ತೆಯದು ಎರಡರಲ್ಲೂ ಎರಡು. ಗುಣಾಕಾರ ಎರಡು ಪ್ಲೇಟನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದ. ಡಾಕ್ಟರಮ್ಮ ಫೋನು ಎತ್ತಿಕೊಂಡರು. ಪ್ಲೇಟಕ್ಕ ಮುಂದಿನ ರೋಗಾಣುಗಳ ಡಬ್ಬಿ ಕರಗಿಸಲು ಇಟ್ಟಳು.

ಅತ್ತೆ ಉಳಿದರು. ಒಂದು ಬಾಟಲಿಗೆ ಮೂತ್ರಪಿಂಡ ಸ್ವಲ್ಪ ಮುನಿಸಿಕೊಂಡಿತ್ತು, ಆಮೇಲೆ ಮೊದಲಿನಲ್ಲಿಗೆ ಬಂತು. ಎಲ್ಲರ ಪಾಲಿಗೂ ಹಾಗಾಗಲಿಲ್ಲ. ನಾಲ್ಕು ಎಂದು ಬರೆದಿದ್ದವರೆಲ್ಲ ಮತ್ತೆ ನೋಡಿದಾಗ ಎರಡಕ್ಕೆ ಬಂದರು. ಅವರಲ್ಲಿ ಕೆಲವರು ಹಳೇ ಮದ್ದು ತೆಗೆದುಕೊಂಡೂ ಗುಣವಾಗಿ ಮನೆಗೆ ಹೋಗಿದ್ದರು. ಒಬ್ಬ ಬಡಗಿ ಮಾತ್ರ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಕೋಣೆಯಲ್ಲಿದ್ದ. ನಡುವಯಸ್ಸಿನ ಗಟ್ಟಿ ಆಳು, ಕಾಲಿನ ಗಾಯಕ್ಕೆ ಬಂದವನು.

ಆಸ್ಪತ್ರೆಯವರು ಅವನ ಮನೆಯವರನ್ನು ಕರೆಸಿ ಹೇಳಿದರು. ಅದು ಡಾಕ್ಟರಮ್ಮನ ಕೆಲಸವಾಗಿತ್ತು. ಪ್ಲೇಟಕ್ಕ ತಾನೂ ಹೋಗುತ್ತೇನೆಂದಳು. ಬೇಡ ಎಂದು ನಾನು ಎಷ್ಟೋ ಹೇಳಿದೆ. "ಹೋಗಿ ಏನು ಮಾಡ್ತೀಯಾ? ಅವರು ಉಗೀತಾರೆ ಅಷ್ಟೇ." "ಉಗೀಲಿ" ಎಂದಳು.

ಡಯಾಲಿಸಿಸ್ ಯಂತ್ರಕ್ಕೆ ಹೊಂದಿಕೊಂಡ ಹಾಸಿಗೆಯಲ್ಲಿ ಬಡಗಿ ಮಲಗಿದ್ದ. ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು. ಪ್ಲೇಟಕ್ಕ ನಿಂತುಕೊಂಡೇ ಹೇಳಿದಳು. "ಪರೀಕ್ಷೆ ಮಾಡಿದವಳು ನಾನು. ಔಷಧ ಅರ್ಧ ಹಾಕಿ ಪೂರ್ತಿ ಅಂತ ಬರೆದಿದ್ದೆ. ಅದರಿಂದ ನಿಮಗೆ ಬೇಡದ ಮದ್ದು ಹೋಯ್ತು."

ಅವನು ಕೇಳಿದ. "ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಾಗಬೇಕಿತ್ತು. ನಾನು ನೋಡ್ಲಿಲ್ಲ."

"ಯಾಕೆ ನೋಡ್ಲಿಲ್ಲ?"

ಗಂಡ ಸತ್ತ ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯವರೆಗೆ ಬಂದು, ಅದನ್ನು ಇವರ ಮುಂದೆ ಇಡುವುದು ಸರಿಯಲ್ಲ ಎನ್ನಿಸಿತಂತೆ. "ಗಮನ ಇರ್ಲಿಲ್ಲ" ಎಂದಳು.

ಹೆಂಡತಿ ಎದ್ದು ನಿಂತಳು. "ಗಮನ ಇರ್ಲಿಲ್ವಂತೆ, ಕೇಳಿದ್ರಾ?" ಎಂದು ಗಂಡನಿಗೇ ಹೇಳಿದಳು, ಪ್ಲೇಟಕ್ಕನ ಕಡೆ ತಿರುಗಲಿಲ್ಲ. ಆಮೇಲೆ ತಿರುಗಿ, "ನೀವು ಹೋಗಿ ಅಮ್ಮ. ಇನ್ನೊಂದ್ಸಲ ಇಲ್ಲಿಗೆ ಬರಬೇಡಿ. ನಿಮ್ಮ ಮುಖ ನೋಡಿದ್ರೆ ನಿಮಗೇನೂ ಆಗಿಲ್ಲ ಅನ್ನೋ ಹಂಗಿದೆ" ಎಂದಳು.

ಹೊರಗೆ ಕಾರಿಡಾರಿನಲ್ಲಿ ನಾನು ಕಾಯುತ್ತಿದ್ದೆ. ಬಂದವಳು ಗೋಡೆಗೆ ಒರಗಿ, "ಸ್ವಲ್ಪ ನೀರು ಕೊಡಿ ಅಕ್ಕ" ಎಂದಳು. ಕೊಟ್ಟೆ. ಕುಡಿದಳು. ಅವಳ ಕೈ ನಡುಗುತ್ತಿತ್ತು. ಗಂಡ ಸತ್ತ ಮೇಲೆ ಅವಳ ಮೈಯಲ್ಲಿ ಏನಾದರೂ ಅಲುಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದು ದುಃಖವೋ ಹಸಿವೋ ಅವಳಿಗೂ ತಿಳಿದಿರಲಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಎರಡು ಬನ್ ತಿಂದಳು.

ವಿಚಾರಣೆ ಆಯಿತು. ಅವಳಿಗೂ ಗುಣಾಕಾರನಿಗೂ ಲಿಖಿತ ಎಚ್ಚರಿಕೆ ಬಂತು. ಲೆಕ್ಕ ಬದಲಾದಾಗಲೆಲ್ಲ ಇಬ್ಬರು ಬೇರೆ ಬೇರೆ ಕೂತು ಕೈಯಲ್ಲಿ ಮಾಡಿ ತಾಳೆ ನೋಡಬೇಕೆಂದು ನಿಯಮವಾಯಿತು. ಗುಣಾಕಾರ ಕೆಲವು ದಿನ ಅವಳೊಂದಿಗೆ ಮಾತು ಬಿಟ್ಟಿದ್ದ. ಆಮೇಲೆ ಒಂದು ದಿನ ತಾನೇ ಬಂದು, ತನ್ನ ಲೆಕ್ಕವನ್ನು ಅವಳ ಮೇಜಿನ ಮೇಲಿಟ್ಟು, "ನೋಡು. ನೋಡಿದೀಯಾ ಅಂತ ನಾನು ಇಲ್ಲೇ ನಿಂತು ನೋಡ್ತೀನಿ" ಎಂದ. ಅವಳು ಕೂತು ಪೂರ್ತಿ ಮಾಡಿದಳು. ಅವನು ಪೂರ್ತಿ ನಿಂತಿದ್ದ. ಬಡಗಿಯ ಮೂತ್ರಪಿಂಡ ನಿಧಾನವಾಗಿ ಚೇತರಿಸಿ, ಡಯಾಲಿಸಿಸ್ ನಿಂತ ಮೇಲೆ ಅವನು ಮನೆಗೆ ಹೋದ. ಮೊದಲಿನಷ್ಟು ಶಕ್ತಿ ಬರಲಿಲ್ಲವಂತೆ. ಈಗ ಬಾಗಿಲು ಕಿಟಕಿ ಬಿಟ್ಟು ಸಣ್ಣಪುಟ್ಟ ಕೆಲಸ ಮಾಡುತ್ತಾನೆ ಎಂದು ಅವನ ರಕ್ತ ಪರೀಕ್ಷೆಗೆ ಬಂದ ಹೆಂಡತಿ ನನ್ನ ಕಿಟಕಿಯಲ್ಲಿ ಹೇಳಿದಳು. ಪ್ಲೇಟಕ್ಕ ಗಾಜಿನಾಚೆ ಇದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಅತ್ತೆಗೆ ಅವಳು ಇದನ್ನು ಹೇಳಿದ್ದು ಮನೆಗೆ ಕರೆದುಕೊಂಡು ಹೋದ ಮೇಲೆ. ಹಾಸಿಗೆಯ ಮೇಲೆ ದಿಂಬಿಗೆ ಒರಗಿದ್ದ ಅವರು ಕೊನೆಯವರೆಗೂ ನಡುವೆ ಬಾಯಿ ಹಾಕದೆ ಕೇಳಿದರು. ಅದೇ ಒಂದು ಆಶ್ಚರ್ಯ.

"ನಂಗೆ ಹಾಕಿದ ಮೊದಲನೇ ಬಾಟಲಿನೂ ನಿನ್ನಿಂದಲೇನಾ?"

"ಹೌದು ಅತ್ತೆ."

"ಆ ಬಡಗಿಗೆ ಮಕ್ಕಳಿದಾರಾ?"

"ಕೇಳ್ಲಿಲ್ಲ."

ಅತ್ತೆ ಚಾವಣಿ ನೋಡುತ್ತಾ ಕೂತರು. "ನಾನು ಅಳ್ತೀನಿ ಅಂತ ನನ್ನ ದುಃಖ ದೊಡ್ಡದು ಅಂದ್ಕೊಂಡಿದ್ದೆ" ಎಂದರು. "ನಿಂದು ಒಳಗೆ ಹೋಗಿ ಕೂತು ಏನೆಲ್ಲಾ ತಿಂದುಬಿಡ್ತಲ್ಲೇ." ಅವರ ಕಣ್ಣಲ್ಲಿ ನೀರು ಬಂತು, ಅದು ಎಂದಿನಂತೆಯೇ. ಸೊಸೆಯ ಕಣ್ಣಲ್ಲಿ ಬರಲಿಲ್ಲ. ಅವಳು ಅವರ ಕಾಲಿಗೆ ಹೊದಿಕೆ ಎಳೆದಳು. ಅತ್ತೆ ಅವಳ ಮುಂಗೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಆ ಕೈಯ ಬಿಸಿ ತನಗೆ ಗೊತ್ತಾಯಿತು ಎಂದು ಪ್ಲೇಟಕ್ಕ ನನಗೆ ಹೇಳಿದಳು. "ಜ್ವರ ಇದೆಯಾ ಅಂತ ನೋಡಿದೆ ಮೊದಲು. ಇರ್ಲಿಲ್ಲ. ಬರೀ ಬಿಸಿ."

ನಾನು ನಿವೃತ್ತಳಾಗುವ ಮುಂಚೆ ಅವರಿಬ್ಬರನ್ನು ಆಸ್ಪತ್ರೆಯಲ್ಲಿ ಒಟ್ಟಿಗೆ ಕಂಡದ್ದು ಅತ್ತೆಯ ತಪಾಸಣೆಯ ದಿನ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಿದ್ದರು, ಅತ್ತೆ ಉಪ್ಪಿಲ್ಲದ್ದನ್ನು ನಾಯಿಯೂ ಮೂಸುವುದಿಲ್ಲ ಎಂದು ಕಾರಿಡಾರು ಕೇಳುವಂತೆ ವಾದಿಸುತ್ತಿದ್ದರು. ಪ್ಲೇಟಕ್ಕ ಒಂದು ಕೈಯಲ್ಲಿ ಅವರ ಚೀಲ, ಇನ್ನೊಂದರಲ್ಲಿ ರಿಪೋರ್ಟು ಹಿಡಿದು, "ಅರ್ಧ ಚಮಚ ಅತ್ತೆ, ಅದಕ್ಕಿಂತ ಹೆಚ್ಚು ಒಂದು ಕಾಳೂ ಇಲ್ಲ" ಎಂದಳು. ದನಿಯಲ್ಲಿ ಸಣ್ಣದೊಂದು ಸಿಟ್ಟಿತ್ತು. ಅತ್ತೆ ನನ್ನ ಕಡೆ ತಿರುಗಿ, "ನೋಡ್ರಮ್ಮ, ಹೆಂಗೆ ರೇಗ್ತಾಳೆ" ಎಂದು ದೂರು ಹೇಳಿದರು. ಮುಖ ಮಾತ್ರ ದೂರು ಹೇಳುವವರ ಮುಖವಾಗಿರಲಿಲ್ಲ.